ಡಾರ್ಕ್ ಕಾಮಿಡಿ ಇಷ್ಟ, ಆದರೆ ಆ ಸಿನಿಮಾ ಯಾಕೆ ಹಿಡಿಸಲಿಲ್ಲ?

ಪ್ರಶ್ನೆ: ನನಗೆ ಡಾರ್ಕ್ ಕಾಮಿಡಿ ಇಷ್ಟ ಅಂತಲೇ ಅಂದುಕೊಂಡಿದ್ದೆ. ಸಾವಿನ ಬಗ್ಗೆ ಜೋಕ್ ಬಂದರೆ ಎಲ್ಲರಿಗಿಂತ ಮೊದಲು ನಗೋದು ನಾನೇ. ಆದರೆ ಗೆಳತಿ ಹೇಳಿದ ಒಂದು ಡಾರ್ಕ್ ಕಾಮಿಡಿ ಸಿನಿಮಾ ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಸಿಟ್‌ಕಾಮ್‌ಗಳಲ್ಲೂ ಹೀಗೇ, ಒಂದನ್ನು ರಾತ್ರಿಯೆಲ್ಲಾ ನೋಡ್ತೀನಿ, ಇನ್ನೊಂದು ಹತ್ತು ನಿಮಿಷಕ್ಕೇ ಸಾಕಾಗುತ್ತೆ. ನನಗೆ ನಿಜವಾಗಿ ಯಾವ ಥರದ ಹಾಸ್ಯ ಹಿಡಿಸುತ್ತೆ ಅಂತ ತಿಳ್ಕೊಳ್ಳೋದು ಹೇಗೆ? ಅಂಥದ್ದೇ ಇನ್ನಷ್ಟು ಹುಡುಕೋದು ಹೇಗೆ?

ಉತ್ತರ: ಮೊದಲು ಈ ಹೆಸರುಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ. ತೊಡಕು ಶುರುವಾಗುವುದೇ ಅಲ್ಲಿ.

ಸಿಟ್‌ಕಾಮ್ ಅನ್ನುವುದು ಆಕಾರದ ಹೆಸರು. ಅದೇ ಜನ, ಅದೇ ಮನೆ ಅಥವಾ ಆಫೀಸು, 22ರಿಂದ 30 ನಿಮಿಷದ ಕಂತು, ಕಂತು ಮುಗಿಯುವಾಗ ಎಲ್ಲರೂ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ವಾಪಸ್. ವಿಡಂಬನೆ ಅನ್ನುವುದು ಗುರಿಯ ಹೆಸರು. ಅಧಿಕಾರವೋ, ದುಡ್ಡೋ, ಯುದ್ಧವೋ, ಹೊರಗಿನ ಲೋಕದಲ್ಲಿ ನಿಜವಾಗಿ ಇರುವ ಏನನ್ನೋ ಅದು ಕುಟುಕುತ್ತದೆ. ಡಾರ್ಕ್ ಕಾಮಿಡಿ ಅನ್ನುವುದು ವಸ್ತುವಿನ ಹೆಸರು. ಸಾವು, ರೋಗ, ಕೊಲೆ, ಹೀಗೆ ನಗಬಾರದು ಅಂತ ನಾವು ಅಂದುಕೊಂಡಿರುವ ವಿಷಯ ಅದರಲ್ಲಿ ಇರುತ್ತದೆ. ಆಕಾರ, ಗುರಿ, ವಸ್ತು ಮೂರೂ ಬೇರೆ ಬೇರೆ ಅಲ್ವಾ? ಹಾಗಾಗಿ ಒಂದೇ ಕೃತಿಗೆ ಎರಡು ಹೆಸರೂ ಒಪ್ಪಬಹುದು, ಮೂರೂ ಒಪ್ಪಬಹುದು. 1964ರ 'ಡಾಕ್ಟರ್ ಸ್ಟ್ರೇಂಜ್‌ಲವ್' ಅಣುಯುದ್ಧದ ಬಗ್ಗೆ ಇರುವುದರಿಂದ ಡಾರ್ಕ್ ಕಾಮಿಡಿ, ಸೇನಾಧಿಕಾರಿಗಳನ್ನೂ ಸರ್ಕಾರಗಳನ್ನೂ ಕುಟುಕುವುದರಿಂದ ವಿಡಂಬನೆ. ಅದರ ಮೂಲ ಕಾದಂಬರಿ ಮಾತ್ರ ಪೂರ್ತಿ ಗಂಭೀರ. ಸ್ಟಾನ್ಲಿ ಕುಬ್ರಿಕ್ ಕೂಡ ಗಂಭೀರ ಸಿನಿಮಾ ಮಾಡಲೆಂದೇ ಕೂತಿದ್ದು, ಬರೆಯುತ್ತಾ ಬರೆಯುತ್ತಾ ಅದು ಹಾಸ್ಯವಾಯಿತು.

ಈ ಮೂರು ಹೆಸರುಗಳಲ್ಲಿ ಯಾವುದೂ ನಗು ಹೇಗೆ ಹುಟ್ಟುತ್ತದೆ ಅಂತ ಹೇಳುವುದಿಲ್ಲ. ನಿಮಗೆ ಹಿಡಿಸುವುದು, ಹಿಡಿಸದೇ ಇರುವುದು ಅದೇ. ನಾನು ಹಾಸ್ಯ ಬರೆಯುವುದನ್ನು ಕಲಿಸುತ್ತೇನೆ. ತರಗತಿಗೆ ಬರುವವರೆಲ್ಲರಿಗೂ ಮೊದಲ ವಾರ ಮಾಡಿಸುವ ಒಂದು ಕೆಲಸವಿದೆ, ಅದನ್ನೇ ನಿಮಗೂ ಹೇಳುತ್ತೇನೆ.

ಒಂದು ಪುಸ್ತಕ ತೆಗೆದುಕೊಳ್ಳಿ. ಹನ್ನೆರಡು ದೃಶ್ಯ ಬರೆಯಿರಿ. ಇಡೀ ಸಿನಿಮಾ ಅಲ್ಲ, ಇಡೀ ಸೀರಿಯಲ್ ಅಲ್ಲ, ಎರಡು ಮೂರು ನಿಮಿಷದ ದೃಶ್ಯ. ಏಳು ನಿಮಗೆ ಇಷ್ಟವಾದವು, ಐದು ಇಷ್ಟವಾಗದೇ ಇದ್ದವು. ಇಷ್ಟವಾಗದವನ್ನು ಬಿಡಲೇಬೇಡಿ, ನನ್ನ ಅನುಭವದಲ್ಲಿ ಜಾಸ್ತಿ ಸುಳಿವು ಸಿಗುವುದು ಅವುಗಳಲ್ಲೇ. ಒಂದೊಂದು ದೃಶ್ಯವನ್ನೂ ಮತ್ತೊಮ್ಮೆ ನೋಡಿ ಎರಡು ಅಂಕ ಹಾಕಿ. ಎಷ್ಟು ನಗು ಬಂತು ಅನ್ನುವುದಕ್ಕೆ ಸೊನ್ನೆಯಿಂದ ಐದು. ಎಷ್ಟು ಕಸಿವಿಸಿ ಆಯಿತು ಅನ್ನುವುದಕ್ಕೆ ಬೇರೆಯಾಗಿ ಸೊನ್ನೆಯಿಂದ ಐದು.

ಎರಡು ಅಂಕ ಯಾಕೆ ಅಂದರೆ, ನಗು ಬರದೇ ಇರುವುದು ಬೇರೆ, ಕಸಿವಿಸಿ ಆಗುವುದು ಬೇರೆ. ಮನಃಶಾಸ್ತ್ರಜ್ಞ ವಿಲಿಬಾಲ್ಡ್ ರೂಖ್ ಹಾಸ್ಯದ ರುಚಿ ಅಳೆಯಲು ಮಾಡಿದ ಪರೀಕ್ಷೆಯಲ್ಲಿ ಇದೇ ಕ್ರಮವಿದೆ. ಪ್ರತಿ ಜೋಕಿಗೂ ತಮಾಷೆ ಎಷ್ಟು, ಬೇಡವೆನಿಸಿದ್ದು ಎಷ್ಟು ಅಂತ ಎರಡನ್ನೂ ಕೇಳುತ್ತಾರೆ. ತಮಾಷೆಗೂ ಸೊನ್ನೆ, ಕಸಿವಿಸಿಗೂ ಸೊನ್ನೆ ಬಂದರೆ ಅದು ಬರೀ ಸಪ್ಪೆ. ತಮಾಷೆಗೆ ನಾಲ್ಕು, ಕಸಿವಿಸಿಗೂ ನಾಲ್ಕು ಬಂದರೆ ಅದು ನಿಮ್ಮ ಗಡಿ. ಅಲ್ಲಿ ನಗುತ್ತೀರಿ, ಆದರೆ ದಿನಾ ನೋಡಲು ಆಗುವುದಿಲ್ಲ. ತಮಾಷೆಗೆ ಒಂದು, ಕಸಿವಿಸಿಗೆ ಐದು ಬಂದ ದೃಶ್ಯದಲ್ಲಿ ನಿಮಗೆ ಸೇರದ ಒಂದು ಗುಣ ಖಂಡಿತ ಇದೆ, ಅದನ್ನು ಹುಡುಕಬೇಕು. ಒಂದೇ ಅಂಕ ಹಾಕಿದರೆ ಸಪ್ಪೆಯಾದದ್ದೂ ಸೇರದ್ದೂ ಎರಡೂ 'ಬೋರು' ಅನ್ನುವ ಒಂದೇ ಗುಡ್ಡೆಗೆ ಬೀಳುತ್ತವೆ. ನೀವು ಹತ್ತು ನಿಮಿಷಕ್ಕೇ ಸಾಕು ಅಂದ ಸಿಟ್‌ಕಾಮ್ ಸಪ್ಪೆಯಾಗಿತ್ತೋ, ಮುಜುಗರ ತಂದಿತೋ? ಇದು ಗೊತ್ತಾದರೆ ಹುಡುಕುವ ದಾರಿಯೇ ಬೇರೆಯಾಗುತ್ತದೆ.

ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಿರಿ: ಒಬ್ಬರೇ ನೋಡಿದ್ದೋ, ಜೊತೆಗೆ ಯಾರಾದರೂ ಇದ್ದರೋ. ನಗುವಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡ ಪ್ರಕಾರ, ನಾವು ಒಬ್ಬರೇ ಇದ್ದಾಗ ನಗುವುದಕ್ಕಿಂತ ಜನರ ನಡುವೆ ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ. ಹಾಗಾಗಿ ಗೆಳತಿಯರ ಜೊತೆ ಬಿದ್ದುಬಿದ್ದು ನಕ್ಕ ಸಿನಿಮಾ ನಿಮ್ಮ ರುಚಿಯದ್ದೇ ಅಂತ ಹೇಳಲಾಗುವುದಿಲ್ಲ, ಆವತ್ತಿನ ಕೂಟ ಚೆನ್ನಾಗಿದ್ದಿರಬಹುದು. ಅಂಕ ಹಾಕುವಾಗ ಒಬ್ಬರೇ ನೋಡಿ ಹಾಕಿ.

ರೆಕಾರ್ಡ್ ಮಾಡಿದ ನಗು ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಯುದ್ಧಭೂಮಿಯ ಆಸ್ಪತ್ರೆಯ ಕಥೆಯಿರುವ 'ಮ್ಯಾಷ್' ಅನ್ನುವ ಹಳೆಯ ಅಮೆರಿಕನ್ ಸಿಟ್‌ಕಾಮ್ 1972ರಲ್ಲಿ ಶುರುವಾದಾಗ, ನಗುಸದ್ದು ಬೇಡ ಅಂತ ಮಾಡಿದವರು ಹೇಳಿದರು, ಇರಲೇಬೇಕು ಅಂತ ಚಾನೆಲ್ ಹಟ ಹಿಡಿಯಿತು. ಕೊನೆಗೆ ಆಪರೇಷನ್ ಥಿಯೇಟರ್ ದೃಶ್ಯಗಳಿಗೆ ಮಾತ್ರ ನಗುಸದ್ದು ಹಾಕುವುದಿಲ್ಲ ಅಂತ ಒಪ್ಪಂದವಾಯಿತು. ಅದರ ಡಿವಿಡಿಯಲ್ಲಿ ನಗುಸದ್ದನ್ನು ತೆಗೆದು ನೋಡುವ ಅವಕಾಶವಿದೆ. ಒಂದೇ ಕಂತನ್ನು ಎರಡೂ ರೀತಿ ನೋಡಿದರೆ ಬೇರೆ ಬೇರೆ ಸೀರಿಯಲ್ ನೋಡಿದ ಹಾಗಿರುತ್ತದೆ. ಸದ್ದು ಇದ್ದಾಗ ತುಂಟಾಟ ಅನ್ನಿಸಿದ ಮಾತು, ಸದ್ದು ತೆಗೆದರೆ ಸುಸ್ತಾದ ಡಾಕ್ಟರೊಬ್ಬನ ಕಹಿಯಾಗಿ ಕೇಳಿಸುತ್ತದೆ. ಕೆಲವರಿಗೆ ಸಿಟ್‌ಕಾಮ್ ಸೇರುವುದಿಲ್ಲ ಅಂತ ಅನ್ನಿಸಿರುತ್ತದೆ, ಆದರೆ ಅವರಿಗೆ ಸೇರದೇ ಇರುವುದು ಆ ಸದ್ದು ಮಾತ್ರ.

ಅಂಕ ಹಾಕಿ ಮುಗಿಯಿತು ಅಂದುಕೊಳ್ಳಿ. ಈಗ ಪ್ರತಿ ದೃಶ್ಯಕ್ಕೂ ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು, ಗಂಟು ಬಿಚ್ಚಿಕೊಳ್ಳುತ್ತದೆಯೇ? ಕೆಲವು ಹಾಸ್ಯದಲ್ಲಿ ಮೊದಲು ಏನೋ ಹೊಂದುವುದಿಲ್ಲ, ಕೊನೆಯ ಸಾಲಿನಲ್ಲಿ 'ಓ, ಹೀಗಾ!' ಅಂತ ಹೊಂದಿಕೊಳ್ಳುತ್ತದೆ. ಇನ್ನು ಕೆಲವು ಕೊನೆಯವರೆಗೂ ಹೊಂದುವುದೇ ಇಲ್ಲ, ಆ ಅಸಂಬದ್ಧತೆಯೇ ಮಜಾ. ರೂಖ್ ಅವರ ಪರೀಕ್ಷೆಯಲ್ಲಿ ಇವೆರಡೂ ಬೇರೆ ಬೇರೆ ಗುಂಪಾಗಿಯೇ ಬಂದವು. ನಿಮ್ಮ ಪಟ್ಟಿಯಲ್ಲಿ ಇಷ್ಟವಾದವೆಲ್ಲ ಗಂಟು ಬಿಚ್ಚಿಕೊಳ್ಳುವ ಥರದವಾದರೆ, ಅಸಂಬದ್ಧ ಹಾಸ್ಯವನ್ನು ಎಷ್ಟೇ ಜನ ಹೊಗಳಲಿ, ಸುಮ್ನೆ ಕಷ್ಟಪಟ್ಟು ನೋಡುವ ಅಗತ್ಯವಿಲ್ಲ.

ಎರಡನೆಯದು, ಪೆಟ್ಟು ಯಾರಿಗೆ ಬೀಳುತ್ತದೆ? ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ಒಂದು ವಿವರಣೆ ಕೊಟ್ಟರು, ನನಗೆ ಕಲಿಸುವಾಗ ತುಂಬಾ ಉಪಯೋಗಕ್ಕೆ ಬಂದಿದೆ. ಏನೋ ಒಂದು ಸರಿಯಲ್ಲ ಅನ್ನಿಸಬೇಕು, ಅದೇ ಹೊತ್ತಿಗೆ ಪರವಾಗಿಲ್ಲ, ಅಪಾಯವಿಲ್ಲ ಅಂತಲೂ ಅನ್ನಿಸಬೇಕು, ಎರಡೂ ಒಟ್ಟಿಗೆ ಬಂದಾಗ ನಗು. ಡಾರ್ಕ್ ಕಾಮಿಡಿಯಲ್ಲಿ 'ಸರಿಯಲ್ಲ' ಅನ್ನುವುದು ಧಾರಾಳವಾಗಿ ಇದ್ದೇ ಇರುತ್ತದೆ. 'ಪರವಾಗಿಲ್ಲ' ಅನ್ನುವುದು ಎಲ್ಲಿಂದ ಬರುತ್ತದೆ ಅನ್ನುವುದೇ ಒಂದೊಂದು ಸಿನಿಮಾದಲ್ಲಿ ಬೇರೆ. ಸತ್ತವನು ಕೆಟ್ಟವನು, ಹಾಗಾಗಿ ಪರವಾಗಿಲ್ಲ. ಸತ್ತವನನ್ನು ನಾವು ನೋಡೇ ಇಲ್ಲ, ಹಾಗಾಗಿ ಪರವಾಗಿಲ್ಲ. ಜೋಕ್ ಹೇಳುತ್ತಿರುವವನೇ ಸಾಯುತ್ತಿರುವವನು, ಅವನೇ ನಗುತ್ತಿದ್ದಾನೆ, ಹಾಗಾಗಿ ಪರವಾಗಿಲ್ಲ. ಎಲ್ಲಕ್ಕೂ ಡಾರ್ಕ್ ಅಂತಲೇ ಹೆಸರು. ಆದರೆ ಮೂರನೆಯದಕ್ಕೆ ಕಣ್ಣೀರು ಬರುವಷ್ಟು ನಗುವ ಮನುಷ್ಯ ಮೊದಲನೆಯದನ್ನು ಎದ್ದು ಹೋಗುವಷ್ಟು ದ್ವೇಷಿಸಬಹುದು.

ಮೂರನೆಯದು, ಮುಜುಗರ ಎಷ್ಟು ಹೊತ್ತು ಇರುತ್ತದೆ? ಪಾತ್ರವೊಂದು ಎಲ್ಲರ ಮುಂದೆ ತಪ್ಪು ಮಾತಾಡುತ್ತದೆ. ತಕ್ಷಣ ಇನ್ನೊಬ್ಬರು ತಿರುಗೇಟು ಕೊಟ್ಟು ನಿಮ್ಮನ್ನು ಬಿಡಿಸುತ್ತಾರೋ, ಇಲ್ಲಾ ಕ್ಯಾಮೆರಾ ಅಲ್ಲೇ ನಿಂತು, ಯಾರೂ ಮಾತಾಡದೆ, ಒಂದೊಂದು ಸೆಕೆಂಡೂ ನಿಮ್ಮ ಹೊಟ್ಟೆ ತೊಳಸುವಂತೆ ಮಾಡುತ್ತದೋ?

ಈ ಕೊನೆಯದನ್ನು ಪರೀಕ್ಷಿಸಲು ಒಳ್ಳೆಯ ಜೋಡಿ ಇದೆ. 'ದಿ ಆಫೀಸ್' 2001ರಲ್ಲಿ ಬ್ರಿಟನ್ನಿನಲ್ಲಿ ಬಂತು, 2005ರಲ್ಲಿ ಅಮೆರಿಕದಲ್ಲಿ ಮತ್ತೆ ಮಾಡಿದರು. ಎರಡರ ಮೊದಲ ಕಂತೂ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಬಾಸ್ ತಮಾಷೆಗೆ ಅಂತ ರಿಸೆಪ್ಷನ್ ಹುಡುಗಿಯನ್ನು ಕೆಲಸದಿಂದ ತೆಗೆದ ಹಾಗೆ ನಾಟಕ ಮಾಡುತ್ತಾನೆ, ಅವಳು ನಿಜವಾಗಿಯೂ ಅಳುತ್ತಾಳೆ, ಎರಡರಲ್ಲೂ ನಗುಸದ್ದು ಇಲ್ಲ. ಆ ದೃಶ್ಯಕ್ಕೆ ಎರಡು ಅಂಕ ಹಾಕಿ. ಆಮೇಲೆ ಅಮೆರಿಕದ್ದರ ಎರಡನೇ ಸೀಸನ್ನಿನ ಯಾವುದಾದರೂ ಕಂತು ನೋಡಿ. ಆ ಹೊತ್ತಿಗೆ ಬಾಸ್ ಪಾತ್ರವನ್ನು ಬೇಕಂತಲೇ ಮೆತ್ತಗೆ ಮಾಡಿದ್ದರು. ಅವನು ಈಗಲೂ ತಪ್ಪು ಮಾಡುತ್ತಾನೆ, ಆದರೆ ಎಲ್ಲರೂ ತನ್ನನ್ನು ಇಷ್ಟಪಡಲಿ ಅನ್ನುವ ಹಂಬಲ ಎದ್ದು ಕಾಣುತ್ತದೆ. ಮೊದಲ ಕಂತಿಗೆ ಕಸಿವಿಸಿ ಐದು ಹಾಕಿ ಎರಡನೇ ಸೀಸನ್ನಿಗೆ ಎರಡು ಹಾಕಿದರೆ, ನಿಮಗೆ ಆಫೀಸಿನ ಹಾಸ್ಯ ಬೇಕು, ಮುಜುಗರದ ಹಾಸ್ಯ ಬೇಡ. ಎರಡಕ್ಕೂ ಕಸಿವಿಸಿ ಕಡಿಮೆ, ಮೊದಲನೆಯದಕ್ಕೆ ನಗು ಜಾಸ್ತಿ ಅಂದರೆ ಬ್ರಿಟಿಷ್ ಆವೃತ್ತಿಯನ್ನು ಪೂರ್ತಿ ನೋಡಿ. ಎರಡು ಸೀಸನ್ ಸೇರಿ ಹನ್ನೆರಡೇ ಕಂತು, ಅದರ ಮೇಲೆ ಒಂದು ಕ್ರಿಸ್‌ಮಸ್ ವಿಶೇಷ.

ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ಪಟ್ಟಿ ನಿಮಗೆ ಬಹಳ ಹತ್ತಿರದ್ದು, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 'ನನಗೆ ಡಾರ್ಕ್ ಇದ್ದಷ್ಟೂ ಇಷ್ಟ' ಅಂತಲೇ ಅವಳು ಬಂದಿದ್ದಳು. ಹನ್ನೆರಡು ದೃಶ್ಯದಲ್ಲಿ ಏಳು ಸಾವಿಗೆ ಸಂಬಂಧಪಟ್ಟವು. ಅದರಲ್ಲಿ ನಾಲ್ಕಕ್ಕೆ ನಗು ನಾಲ್ಕು ಅಥವಾ ಐದು, ಕಸಿವಿಸಿ ಒಂದಕ್ಕಿಂತ ಜಾಸ್ತಿ ಇಲ್ಲ. ಉಳಿದ ಮೂರಕ್ಕೆ ನಗು ಒಂದು, ಕಸಿವಿಸಿ ನಾಲ್ಕು, ನಾಲ್ಕು, ಐದು. ವಸ್ತು ಒಂದೇ, ಅಂಕ ಇಷ್ಟು ದೂರ. ಅವಳಿಗೇ ಆಶ್ಚರ್ಯ. ಆಮೇಲೆ ಎರಡನೇ ಪ್ರಶ್ನೆ ಕೇಳಿದೆವು. ಅವಳು ನಕ್ಕ ನಾಲ್ಕೂ ದೃಶ್ಯಗಳಲ್ಲಿ ಸಾವಿನ ಹತ್ತಿರ ಇರುವವರೇ ತಮಾಷೆ ಮಾಡುತ್ತಿದ್ದರು. ಒಂದರಲ್ಲಿ ರೋಗಿ, ಒಂದರಲ್ಲಿ ಹೆಂಡತಿಯನ್ನು ಕಳೆದುಕೊಂಡವನು, ಎರಡರಲ್ಲಿ ಅಂತ್ಯಕ್ರಿಯೆಗೆ ಬಂದು ಅಳು ತಡೆಯಲಾಗದೆ ನಗುವವರು. ಅವಳು ನಗದ ಮೂರರಲ್ಲಿ ದಾರಿಯಲ್ಲಿ ಸಿಕ್ಕ ಯಾರೋ ಅಮಾಯಕ ಸಾಯುತ್ತಾನೆ, ಕ್ಯಾಮೆರಾ ಅವನನ್ನು ಮರೆತು ಮುಂದೆ ಹೋಗುತ್ತದೆ, ಆ ಮರೆವೇ ಅಲ್ಲಿನ ಜೋಕ್.

ಇಷ್ಟವಾಗದ ಇನ್ನೆರಡು ದೃಶ್ಯ ಸಿಟ್‌ಕಾಮಿನವು. ಅವುಗಳಲ್ಲೂ ಇದೇ ಕಂಡಿತು. ಪೆಟ್ಟು ತಿನ್ನುವ ಪಾತ್ರಕ್ಕೆ ಮಾತೇ ಇಲ್ಲ, ಸುಮ್ಮನೆ ನಿಂತು ಉಳಿದವರಿಂದ ಅನ್ನಿಸಿಕೊಳ್ಳಬೇಕು. ಅಂದರೆ ಅವಳ ರುಚಿ ಡಾರ್ಕ್ ಅಲ್ಲ, ತಿಳಿ ಹಾಸ್ಯವೂ ಅಲ್ಲ. ನೋವು ಯಾರದ್ದೋ ಜೋಕ್ ಅವರದ್ದೇ ಆಗಿರಬೇಕು. ಇದು ಒಂದೇ ಒಂದು ಸಾಲು, ಆದರೆ ಇದರಿಂದ ಹುಡುಕಬಹುದು. 'ಡಾರ್ಕ್ ಕಾಮಿಡಿ' ಅಂತ ಟೈಪ್ ಮಾಡಿ ಹುಡುಕುತ್ತಿದ್ದವಳು ಆಮೇಲೆ ಅನಾರೋಗ್ಯದ ಬಗ್ಗೆ, ದುಃಖದ ಬಗ್ಗೆ ಸ್ವಂತ ಅನುಭವ ಹೇಳುವ ಸ್ಟ್ಯಾಂಡ್‌ಅಪ್ ಕಡೆ ಹೋದಳು. ಅಲ್ಲಿ ಅವಳಿಗೆ ಬೇಕಾದ್ದು ಸಿಕ್ಕಿತು.

ಸಾವಿನ ಜೋಕಿಗೆ ಮೊದಲು ನಗುವವರು ನೀವೇ ಅಂತ ಬರೆದಿದ್ದೀರಿ, ನೀವು ನಿಲ್ಲಿಸಿದ ಸಿನಿಮಾದಲ್ಲಿ ಯಾರಿಗೆ ಪೆಟ್ಟು ಬೀಳುತ್ತಿತ್ತು ಅಂತ ಒಮ್ಮೆ ನೆನಪಿಸಿಕೊಳ್ಳಿ. ನಿಲ್ಲಿಸಿದ ನಿಮಿಷಕ್ಕೇ ಹೋಗಿ, ಅದರ ಹಿಂದಿನ ಮೂರು ನಿಮಿಷ ಮಾತ್ರ ಮತ್ತೆ ನೋಡಿ. ಉತ್ತರ ಬಹುತೇಕ ಅಲ್ಲೇ ಇರುತ್ತದೆ.

ಈಗ ಇನ್ನಷ್ಟು ಹುಡುಕುವ ವಿಷಯ. ಹೆಚ್ಚಿನವರು ನಟರ ಬೆನ್ನು ಹತ್ತುತ್ತಾರೆ, ಇಲ್ಲಾ ಆ್ಯಪ್ ತೋರಿಸುವ ಕಾಮಿಡಿ ಸಾಲಿನಲ್ಲಿ ಒಂದೊಂದೇ ಒತ್ತುತ್ತಾ ಹೋಗುತ್ತಾರೆ. ಹಾಸ್ಯದಲ್ಲಿ ಬೆನ್ನು ಹತ್ತಬೇಕಾದ್ದು ಬರೆದವರನ್ನು. ನಟ ಒಂದು ವರ್ಷ ತುಂಟ ಸಿನಿಮಾ ಮಾಡಿ ಮುಂದಿನ ವರ್ಷ ಕಹಿ ಸಿನಿಮಾ ಮಾಡಬಹುದು. ಆದರೆ ಪೆಟ್ಟು ಯಾರಿಗೆ, ಮುಜುಗರ ಎಷ್ಟು ಹೊತ್ತು, ಗಂಟು ಬಿಚ್ಚಬೇಕೋ ಬೇಡವೋ, ಈ ಮೂರನ್ನೂ ಬಹುಪಾಲು ತೀರ್ಮಾನಿಸುವುದು ಬರವಣಿಗೆ, ಮತ್ತು ಬರೆಯುವವರ ಕೈ ಅಷ್ಟು ಬೇಗ ಬದಲಾಗುವುದಿಲ್ಲ.

ಒಂದು ಉದಾಹರಣೆ ಹಿಡಿದು ಹೋಗೋಣ. ನಿಮಗೆ 'ಪೀಪ್ ಶೋ' ಅನ್ನುವ ಬ್ರಿಟಿಷ್ ಸಿಟ್‌ಕಾಮ್ ಹಿಡಿಸಿತು ಅಂದುಕೊಳ್ಳಿ. 2003ರಲ್ಲಿ ಶುರುವಾದದ್ದು. ಅದರಲ್ಲಿ ಕ್ಯಾಮೆರಾ ಪಾತ್ರಗಳ ಕಣ್ಣಿನಿಂದಲೇ ನೋಡುತ್ತದೆ, ಇಬ್ಬರು ಮುಖ್ಯ ಪಾತ್ರಗಳು ಮನಸ್ಸಿನಲ್ಲಿ ಅಂದುಕೊಳ್ಳುವುದೂ ನಮಗೆ ಕೇಳಿಸುತ್ತದೆ. ಮುಜುಗರ ತುಂಬಾ ಇದೆ, ಆದರೆ ನಾವು ಆ ಪಾತ್ರದ ತಲೆಯೊಳಗೇ ಕೂತಿರುವುದರಿಂದ ದೂರ ನಿಂತು ಅಣಕಿಸಿದ ಹಾಗೆ ಆಗುವುದಿಲ್ಲ. ಬರೆದವರು ಯಾರು ಅಂತ ನೋಡಿ: ಜೆಸ್ಸಿ ಆರ್ಮ್‌ಸ್ಟ್ರಾಂಗ್ ಮತ್ತು ಸ್ಯಾಮ್ ಬೇನ್. ಇಬ್ಬರೂ 2010ರ 'ಫೋರ್ ಲಯನ್ಸ್' ಸಿನಿಮಾದ ಚಿತ್ರಕಥೆಯಲ್ಲಿದ್ದಾರೆ, ನಿರ್ದೇಶಕ ಕ್ರಿಸ್ ಮಾರಿಸ್ ಜೊತೆ. ಬಾಂಬ್ ಹಾಕಲು ಹೊರಟ ದಡ್ಡರ ಕಥೆ, ಎಲ್ಲರೂ ಡಾರ್ಕ್ ಕಾಮಿಡಿ ಅನ್ನುತ್ತಾರೆ. ಆರ್ಮ್‌ಸ್ಟ್ರಾಂಗ್ ಅರ್ಮಾಂಡೊ ಇಯನೂಚಿಯವರ ರಾಜಕೀಯ ವಿಡಂಬನೆ 'ದಿ ಥಿಕ್ ಆಫ್ ಇಟ್'ಗೂ ಬರೆದಿದ್ದಾರೆ. 2018ರಲ್ಲಿ ಶುರುವಾದ 'ಸಕ್ಸೆಷನ್' ಕೂಡ ಅವರದ್ದೇ, ಅದನ್ನು ನಾಟಕೀಯ ಸರಣಿಗಳ ಸಾಲಿನಲ್ಲಿ ಇಡುತ್ತಾರೆ. ಇನ್ನೊಂದು ಕಡೆ ಇಯನೂಚಿಯವರನ್ನು ಹಿಡಿದು ಹೊರಟರೆ ಅಮೆರಿಕದ 'ವೀಪ್' ಸಿಗುತ್ತದೆ, 2017ರ 'ದಿ ಡೆತ್ ಆಫ್ ಸ್ಟಾಲಿನ್' ಸಿಗುತ್ತದೆ. ಸಿಟ್‌ಕಾಮಿನಿಂದ ಡಾರ್ಕ್‌ಗೆ, ಅಲ್ಲಿಂದ ವಿಡಂಬನೆಗೆ ಬಂದೆವು. ಯಾವ ಆ್ಯಪ್‌ನ ಯಾವ ಸಾಲಿನಲ್ಲೂ ಇವು ಒಟ್ಟಿಗೆ ಕೂರುವುದಿಲ್ಲ, ಆದರೆ ಮಾತಿನ ಲಯ, ಹೆದರಿದ ಜನ ಧೈರ್ಯದ ನಾಟಕ ಆಡುವುದು, ಎಲ್ಲದರಲ್ಲೂ ಒಂದೇ.

ಸಿಟ್‌ಕಾಮ್ ಆದರೆ ಇನ್ನೂ ಸೂಕ್ಷ್ಮವಾಗಿ ಹೋಗಬಹುದು. ಒಂದು ಸೀರಿಯಲ್ಲನ್ನು ಅನೇಕರು ಬರೆಯುತ್ತಾರೆ, ಪ್ರತಿ ಕಂತಿನ ಶುರುವಿನಲ್ಲೋ ಕೊನೆಯಲ್ಲೋ ಬರೆದವರ ಹೆಸರು ಬರುತ್ತದೆ. ನಿಮಗೆ ತುಂಬಾ ಇಷ್ಟವಾದ ಮೂರು ಕಂತು ತೆಗೆದುಕೊಂಡು ಹೆಸರು ನೋಡಿ. ಒಂದೇ ಹೆಸರು ಎರಡು ಸಲ ಬಂದರೆ ಆ ವ್ಯಕ್ತಿ ಬೇರೆ ಏನೇನು ಬರೆದಿದ್ದಾರೆ ಅಂತ ಹುಡುಕಿ. ಬರವಣಿಗೆಯನ್ನು ಒಂದೇ ಕೋಣೆಯಲ್ಲಿ ಹತ್ತು ಜನ ಕೂತು ತಿದ್ದಿರುತ್ತಾರೆ, ಹಾಗಾಗಿ ಒಂದೇ ಕಂತು ನೋಡಿ ನಿರ್ಧಾರ ಮಾಡಬೇಡಿ. ಎರಡು ಮೂರು ಸಲ ಅದೇ ಹೆಸರು ಬಂದರೆ ನಂಬಬಹುದು.

ಎಷ್ಟು ನೋಡಿ ಬಿಡಬೇಕು ಅಂತಲೂ ಕೇಳುತ್ತಾರೆ. ಸಿನಿಮಾಕ್ಕೆ ಅರ್ಧ ಗಂಟೆ ಸಾಕು. ಸಿಟ್‌ಕಾಮಿನ ಮೊದಲ ಕಂತನ್ನು ಮಾತ್ರ ನಂಬಬೇಡಿ, ಅದು ಪಾತ್ರಗಳ ಪರಿಚಯಕ್ಕೇ ಖರ್ಚಾಗುತ್ತದೆ, ಸಿಟ್‌ಕಾಮಿನ ನಗು ಹುಟ್ಟುವುದು ಇವನು ಈಗ ಏನು ಮಾಡುತ್ತಾನೆ ಅಂತ ನಮಗೆ ಮೊದಲೇ ಗೊತ್ತಾದ ಮೇಲೆ. ನಾನು ನಾಲ್ಕನೇ ಅಥವಾ ಐದನೇ ಕಂತು ಮೊದಲು ನೋಡಲು ಹೇಳುತ್ತೇನೆ, ಹಿಡಿಸಿದರೆ ವಾಪಸ್ ಹೋಗಿ ಮೊದಲಿನಿಂದ ನೋಡಬಹುದು. ವಿಡಂಬನೆಯ ಕಷ್ಟ ಬೇರೆ. ಕುಟುಕುತ್ತಿರುವುದು ಏನನ್ನು ಅಂತ ಗೊತ್ತಿಲ್ಲದಿದ್ದರೆ ನಗು ಬರುವುದಿಲ್ಲ, ಕಸಿವಿಸಿಯೂ ಆಗುವುದಿಲ್ಲ, ಎರಡಕ್ಕೂ ಸೊನ್ನೆ. ಅಂಥ ಸೊನ್ನೆ ಬಂದರೆ ರುಚಿಯ ಲೆಕ್ಕಕ್ಕೆ ಹಿಡಿಯಬೇಡಿ. ಆ ಗುರಿಯ ಬಗ್ಗೆ ಒಂದು ಹತ್ತು ನಿಮಿಷ ಓದಿ ಮತ್ತೆ ನೋಡಿ. ಡಬ್ ಆದದ್ದು, ಸಬ್‌ಟೈಟಲ್ ಇರುವುದು ನೋಡುವಾಗಲೂ ಜಾಗ್ರತೆ. ಪದದ ಮೇಲೆ ನಿಂತ ಹಾಸ್ಯ ಭಾಷೆ ದಾಟುವಾಗ ಬಹಳಷ್ಟು ಸೋರಿಹೋಗುತ್ತದೆ, ಸಂದರ್ಭದ ಮೇಲೆ ನಿಂತದ್ದು ಉಳಿಯುತ್ತದೆ. ಬೇರೆ ಭಾಷೆಯದ್ದು ಸಪ್ಪೆ ಅನ್ನಿಸಿದರೆ ಅದರಲ್ಲೇ ಮಾತು ಕಡಿಮೆ ಇರುವ ಒಂದು ದೃಶ್ಯ ಹುಡುಕಿ ಪರೀಕ್ಷಿಸಿ.

ಇನ್ನೊಂದು ಮಾತು, ಗೆಳತಿಯ ಬಗ್ಗೆ. ಅವರು ಕೊಟ್ಟ ಸಲಹೆ ತಪ್ಪಲ್ಲ. 'ಡಾರ್ಕ್ ಇಷ್ಟ' ಅಂತ ನೀವು ಹೇಳಿದ್ದಿರಿ, ಡಾರ್ಕ್ ಇದ್ದದ್ದನ್ನೇ ಅವರು ಕೊಟ್ಟರು. ಮುಂದಿನ ಸಲ ಕೇಳುವಾಗ ಹೆಸರು ಹೇಳಬೇಡಿ, ದೃಶ್ಯ ಹೇಳಿ. 'ಸಾಯುತ್ತಿರುವವನೇ ತನ್ನ ಸಾವಿನ ಬಗ್ಗೆ ಜೋಕ್ ಮಾಡುವ ಥರದ್ದು ಏನಾದ್ರೂ ನೋಡಿದ್ದೀಯಾ?' ಅಂತ ಕೇಳಿದರೆ ಬರುವ ಉತ್ತರ ಬೇರೆಯೇ ಇರುತ್ತದೆ. ನಿಮ್ಮ ಹನ್ನೆರಡು ದೃಶ್ಯಗಳ ಪಟ್ಟಿ ಮುಗಿದ ಮೇಲೆ ಆ ಅಂಕಗಳನ್ನು ನನಗೆ ಕಳಿಸಿ. ನಗು ಒಂದು, ಕಸಿವಿಸಿ ನಾಲ್ಕಕ್ಕಿಂತ ಮೇಲೆ ಬಂದವನ್ನು ಬೇರೆ ಹಾಳೆಯಲ್ಲಿ ಬರೆದರೆ ಒಳ್ಳೆಯದು, ನಾನು ಮೊದಲು ನೋಡುವುದು ಅವನ್ನೇ.